ವೇಗದಿಂದ ದೂರಕ್ಕೆ

ಬೇಲಾಪುರದಿಂದ ಹೊರಟ ಲೋಕಲ್ ರೈಲಿನ ವೇಗ, t ಸೆಕೆಂಡುಗಳಾದಾಗ, ಸೆಕೆಂಡಿಗೆ t/2 ಮೀಟರು ಎಂದಿಟ್ಟುಕೊಳ್ಳೋಣ. ಅದು ಸಾಗಿದ ದೂರವೆಷ್ಟು? ದೂರವನ್ನು ಅವಕಲಿಸಿದರೆ ವೇಗ ಬರುವುದೆಂದು ವಾಚಕರು ಬಲ್ಲರು. ಆದುದರಿಂದ ಯಾವುದನ್ನು ಅವಕಲಿಸಿದರೆ t/2 ಬರುವುದೋ ಅದನ್ನು, ಎಂದರೆ ಅದರ ಪ್ರತಿ-ನಿಷ್ಪನ್ನವನ್ನು, ನಾವು ಹುಡುಕಬೇಕು.

ಅವಕಲಿಸುವಾಗ ಘಾತ ಒಂದು ಇಳಿಯುತ್ತದೆ. ಹಾಗಾಗಿ t² ಎಂದು ಊಹಿಸೋಣ. ಅದರಿಂದ ಬರುವುದು 2t, ಬೇಕಾದುದರ ನಾಲ್ಕು ಪಟ್ಟು. ನಾಲ್ಕರಿಂದ ಭಾಗಿಸಿದರೆ t²/4. ಇದನ್ನು ಅವಕಲಿಸಿ ನೋಡಿ, t/2 ಸರಿಯಾಗಿ ಬರುತ್ತದೆ. 20 ಸೆಕೆಂಡಿಗೆ 100 ಮೀಟರು.

ಆದರೆ t²/4 + 7 ಎಂಬುದರಿಂದಲೂ t/2 ಬರುತ್ತದಲ್ಲ! ಸ್ಥಿರಸಂಖ್ಯೆ ಅವಕಲನದಲ್ಲಿ ಅಳಿದುಹೋಗುತ್ತದೆ. ಅದಕ್ಕೇ t²/4 + C ಎಂದು ಬರೆಯುವುದು. ರೈಲು ಹೊರಟ ಜಾಗದಿಂದಲೇ ಅಳೆದರೆ C ಸೊನ್ನೆ. 7 ಮೀಟರು ಹಿಂದಿರುವ ಕಂಬದಿಂದ ಅಳೆದರೆ C ಏಳು. ಎಲ್ಲಿಂದ ಅಳೆದೆವೆಂಬುದನ್ನು ವೇಗವೊಂದೇ ಹೇಳಲಾರದು.