ಹಿಟ್ ವಿಡಿಯೊ ಆದಮೇಲೆ ವ್ಯೂಸ್ ಯಾಕೆ ಇಳಿಯುತ್ತದೆ?

2012ರ ಜುಲೈನಲ್ಲಿ ದಕ್ಷಿಣ ಕೊರಿಯಾದ ಗಾಯಕ ಸೈ ‘ಗಂಗ್ನಂ ಸ್ಟೈಲ್’ ಹಾಡನ್ನು ಯೂಟ್ಯೂಬ್‌ಗೆ ಹಾಕಿದರು. ಅದೇ ಡಿಸೆಂಬರ್‌ನಲ್ಲಿ ಅದು 100 ಕೋಟಿ ವ್ಯೂಸ್ ಮುಟ್ಟಿದ ಮೊದಲ ವಿಡಿಯೊ ಆಯಿತು. ಮುಂದಿನ ಹಾಡು ‘ಜೆಂಟಲ್‌ಮನ್’ ಬಂದದ್ದು 2013ರ ಏಪ್ರಿಲ್‌ನಲ್ಲಿ. ಜನ ಕಾದು ಕುಳಿತಿದ್ದರು. ಒಂದೇ ದಿನದ ವ್ಯೂಸ್‌ನಲ್ಲಿ ಅದು ಆವರೆಗಿನ ದಾಖಲೆಯನ್ನು ಮುರಿಯಿತು. ಆದರೂ ಇವತ್ತು ಮೊದಲನೆಯದು 500 ಕೋಟಿ ದಾಟಿದೆ, ಎರಡನೆಯದು ಅದರ ಅರ್ಧವನ್ನೂ ಮುಟ್ಟಿಲ್ಲ.

ಇಷ್ಟೇ ದೊಡ್ಡ ಮಟ್ಟದಲ್ಲಿ ಅಲ್ಲದಿದ್ದರೂ, ವಿಡಿಯೊ ಮಾಡುವ ಹೆಚ್ಚಿನವರಿಗೆ ಒಂದಲ್ಲ ಒಂದು ದಿನ ಈ ಅನುಭವ ಆಗುತ್ತದೆ. ಒಂದು ವಿಡಿಯೊ ವೈರಲ್ ಆಗುತ್ತದೆ, ಅದರ ಹಿಂದೆ ಹಾಕಿದ್ದು ಮಕಾಡೆ ಮಲಗುತ್ತದೆ. ‘ರೀಚ್ ಬಿದ್ದುಹೋಯಿತು’, ‘ಯೂಟ್ಯೂಬ್‌ನವರು ನಮ್ಮ ಚಾನೆಲ್ ತುಳಿಯುತ್ತಿದ್ದಾರೆ’, ‘ದೃಷ್ಟಿ ತಗುಲಿತು’ ಎಂಬ ಮಾತುಗಳು ಹೊರಡುವುದು ಆಗಲೇ. ಆದರೆ ಇಂಥ ಇಳಿತಕ್ಕೆ ಬಹಳ ಸಲ ಯಾರೂ ಕಾರಣರಲ್ಲ. ಸಂಖ್ಯಾಶಾಸ್ತ್ರದಲ್ಲಿ ಇದನ್ನು ‘ರಿಗ್ರೆಶನ್ ಟು ದ ಮೀನ್’, ಅಂದರೆ ಸರಾಸರಿಯತ್ತ ಮರಳುವುದು ಎನ್ನುತ್ತಾರೆ.

ಒಂದು ಅಡುಗೆ ಚಾನೆಲ್ ಇದೆ ಎಂದುಕೊಳ್ಳೋಣ. ಅದರ ಕೊನೆಯ ಹತ್ತು ವಿಡಿಯೊಗಳಿಗೆ ಮೊದಲ ವಾರದಲ್ಲಿ ಬಂದ ವ್ಯೂಸ್, ಸಾವಿರದ ಲೆಕ್ಕದಲ್ಲಿ ಹೀಗಿದೆ: 4, 6, 5, 9, 7, 5, 8, 6, 4, 6. ಮಳೆಗಾಲದಲ್ಲಿ ಕೆಸುವಿನೆಲೆ ಚಿಗುರಿದ ಹೊತ್ತಿಗೆ ಹಾಕಿದ ಪತ್ರೊಡೆಯ ವಿಡಿಯೊ ಒಂದೇ ವಾರದಲ್ಲಿ 2 ಲಕ್ಷಕ್ಕೆ ಏರಿತು. ಅದರ ನಂತರದ ವಿಡಿಯೊಗೆ ಸಿಕ್ಕಿದ್ದು 11 ಸಾವಿರ.

ಈ 2 ಲಕ್ಷ ಎಲ್ಲಿಂದ ಬಂತು ಎಂದು ಯೂಟ್ಯೂಬ್ ಸ್ಟುಡಿಯೋದಲ್ಲಿ ಬಿಡಿಸಿ ನೋಡಬಹುದು. ಥಂಬ್‌ನೇಲ್ ಎಷ್ಟು ಸಲ ಜನರ ಕಣ್ಣಿಗೆ ಬಿತ್ತು ಎಂಬುದು ಇಂಪ್ರೆಶನ್. ಅವುಗಳಲ್ಲಿ ಶೇಕಡಾ ಎಷ್ಟು ಸಲ ಕ್ಲಿಕ್ ಬಿತ್ತು ಎಂಬುದು ಸಿಟಿಆರ್. ಲೆಕ್ಕ ಸುಲಭವಾಗಲೆಂದು ವ್ಯೂಸ್ ಎಲ್ಲ ಇದೇ ದಾರಿಯಿಂದ ಬಂತು ಎನ್ನೋಣ. ಮಾಮೂಲಿ ವಿಡಿಯೊ 1 ಲಕ್ಷ ಸಲ ಕಣ್ಣಿಗೆ ಬಿದ್ದು, ಶೇ 6ರಷ್ಟು ಕ್ಲಿಕ್ ಆಗಿ, 6 ಸಾವಿರ ವ್ಯೂಸ್ ಆಗಿತ್ತು. ಪತ್ರೊಡೆ 40 ಲಕ್ಷ ಸಲ ಕಣ್ಣಿಗೆ ಬಿದ್ದು, ಶೇ 5ರಷ್ಟು ಕ್ಲಿಕ್ ಆಗಿ, 2 ಲಕ್ಷವಾಯಿತು. ಚಾನೆಲ್ಲಿನ ಪರಿಚಯವೇ ಇಲ್ಲದವರಿಗೂ ತೋರಿಸಿದ್ದರಿಂದ ಕ್ಲಿಕ್‌ನ ಪ್ರಮಾಣ ಸ್ವಲ್ಪ ಇಳಿದಿದೆ. ಅಂದರೆ ವ್ಯತ್ಯಾಸವೆಲ್ಲ ಇರುವುದು ಎಷ್ಟು ಜನರ ಮುಂದೆ ಹೋಯಿತು ಎಂಬುದರಲ್ಲಿ.

ಅಷ್ಟು ಜನರ ಮುಂದೆ ಹೋಗಲು ವಿಡಿಯೊ ಚೆನ್ನಾಗಿರಬೇಕು, ನಿಜ. ಆದರೆ ಅದೊಂದೇ ಸಾಲದು. ಮೊದಲ ಕೆಲವು ಗಂಟೆಗಳಲ್ಲಿ ಯಾರ ಕಣ್ಣಿಗೆ ಬಿತ್ತು, ಅವರು ಎಷ್ಟು ಹೊತ್ತು ನೋಡಿದರು, ಯಾವ ದೊಡ್ಡ ಚಾನೆಲ್ಲಿನ ಪಕ್ಕದಲ್ಲಿ ಕಾಣಿಸಿತು, ಯಾರೋ ಯಾವ ವಾಟ್ಸ್ಯಾಪ್ ಗುಂಪಿಗೆ ಹಾಕಿದರು, ಇವೆಲ್ಲ ಒಂದೇ ವಾರದಲ್ಲಿ ಕೂಡಿಬರಬೇಕು. ಒಂದು ಸಲ ಓಟ ಹಿಡಿದರೆ ನೋಡಿದವರಿಂದಲೇ ನೋಡುವವರು ಹೆಚ್ಚುತ್ತಾರೆ.

ಇದರಲ್ಲಿ ಅದೃಷ್ಟದ ಪಾಲು ಎಷ್ಟಿರಬಹುದು ಎಂಬುದಕ್ಕೆ ಒಂದು ಒಳ್ಳೆಯ ಪ್ರಯೋಗವಿದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್ ಮತ್ತು ಡಂಕನ್ ವಾಟ್ಸ್ ಇದನ್ನು 2006ರಲ್ಲಿ ಪ್ರಕಟಿಸಿದರು. ಹೆಸರು ಕೇಳಿರದ ತಂಡಗಳ 48 ಹಾಡುಗಳನ್ನು 14 ಸಾವಿರಕ್ಕೂ ಹೆಚ್ಚು ಜನರ ಮುಂದಿಟ್ಟರು. ಒಂದು ಗುಂಪಿನವರಿಗೆ ಹಾಡು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಉಳಿದವರನ್ನು ಎಂಟು ಗುಂಪು ಮಾಡಿ, ತಮ್ಮ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಜನ ಡೌನ್‌ಲೋಡ್ ಮಾಡಿದ್ದಾರೆ ಎಂಬುದು ಕಾಣುವಂತೆ ಮಾಡಿದರು. ಎಂಟೂ ಗುಂಪಿಗೆ ಹಾಡುಗಳು ಅವೇ, ಆದರೆ ಗೆದ್ದದ್ದು ಬೇರೆ ಬೇರೆ. ‘ಲಾಕ್‌ಡೌನ್’ ಎಂಬ ಒಂದು ಹಾಡು ಒಂದು ಗುಂಪಿನಲ್ಲಿ ಮೊದಲನೆಯ ಸ್ಥಾನ ಪಡೆದರೆ ಇನ್ನೊಂದರಲ್ಲಿ 40ನೆಯದಾಯಿತು. ತೀರಾ ಒಳ್ಳೆಯ ಹಾಡುಗಳು ನೆಲಕಚ್ಚಿದ್ದು ಅಪರೂಪ, ತೀರಾ ಕೆಟ್ಟವು ಗೆದ್ದದ್ದೂ ಅಪರೂಪ. ನಡುವಿನವುಗಳ ಹಣೆಬರಹ ಮಾತ್ರ ಗುಂಪಿನಿಂದ ಗುಂಪಿಗೆ ಬದಲಾಗುತ್ತಿತ್ತು.

ಈಗ ಪತ್ರೊಡೆಗೆ ಮರಳೋಣ. ಪ್ರತಿ ವಿಡಿಯೊದ ವ್ಯೂಸ್‌ನಲ್ಲಿ ಚಾನೆಲ್ಲಿನ ಕಾಯಂ ಶಕ್ತಿಯೂ ಇರುತ್ತದೆ, ಆ ವಾರದ ಅದೃಷ್ಟವೂ ಇರುತ್ತದೆ. ಎಲ್ಲಕ್ಕಿಂತ ಮೇಲೆ ಹೋದ ವಿಡಿಯೊವನ್ನು ನಾವು ಬೆರಳಿಟ್ಟು ತೋರಿಸುವಾಗ, ಅದೃಷ್ಟ ಅತಿ ಹೆಚ್ಚು ಕೂಡಿಬಂದದ್ದನ್ನೇ ಆರಿಸಿರುತ್ತೇವೆ. ಶಕ್ತಿ ಮುಂದಿನ ವಿಡಿಯೊಗೂ ಜೊತೆಗೆ ಬರುತ್ತದೆ, ಅದೃಷ್ಟ ಬರುವುದಿಲ್ಲ. ಅದನ್ನು ಪ್ರತಿ ಸಲವೂ ಹೊಸದಾಗಿಯೇ ಪಡೆಯಬೇಕು.

ಇದು ಖಾತ್ರಿಯಾಗಬೇಕಾದರೆ ಹಿಟ್ ವಿಡಿಯೊದ ಹಿಂದಿನದನ್ನು ನೋಡಿ. ಅದಕ್ಕೆ ಸಿಕ್ಕಿದ್ದು 6 ಸಾವಿರ. ಅದೂ ಹಿಟ್‌ಗಿಂತ ಎಷ್ಟೋ ಕಡಿಮೆಯೇ. ಪತ್ರೊಡೆಯಿಂದಾಗಿ ಹಿಂದಿನ ವಿಡಿಯೊ ಸೋತಿತು ಎಂದು ಯಾರೂ ಹೇಳುವುದಿಲ್ಲವಲ್ಲ. ಶಿಖರದ ಎರಡೂ ಬದಿಗೆ ಇಳಿಜಾರು ಇದೆ ಎಂದಮೇಲೆ ಆಚೆ ಬದಿಯ ಇಳಿತಕ್ಕೆ ಮಾತ್ರ ಬೇರೆ ಕಾರಣ ಹುಡುಕಬೇಕಿಲ್ಲ.

ಮೋಸಹೋಗುವುದು ಹೋಲಿಕೆ ಮಾಡುವಾಗ. 2 ಲಕ್ಷದ ಪಕ್ಕದಲ್ಲಿಟ್ಟರೆ 11 ಸಾವಿರ ಶೇ 94ಕ್ಕೂ ಹೆಚ್ಚಿನ ಕುಸಿತ. ಹಿಟ್ ಅನ್ನೂ ಸೇರಿಸಿ ಹನ್ನೊಂದು ವಿಡಿಯೊಗಳ ಸರಾಸರಿ ತೆಗೆದರೆ ಸುಮಾರು 23,600 ಬರುತ್ತದೆ. ಅದರ ಎದುರೂ 11 ಸಾವಿರ ಅರ್ಧಕ್ಕಿಂತ ಕಡಿಮೆ. ಆದರೆ ಈ ಚಾನೆಲ್ಲಿನ ಯಾವ ಮಾಮೂಲಿ ವಿಡಿಯೊವೂ 23 ಸಾವಿರದ ಹತ್ತಿರ ಹೋಗಿಲ್ಲ. ಒಂದೇ ಒಂದು ದೊಡ್ಡ ಸಂಖ್ಯೆ ಸರಾಸರಿಯನ್ನು ಎಳೆದು ಮೇಲೆ ಕೂರಿಸಿದೆ. ಹೀಗಾಗಿ ಇಲ್ಲಿ ಬೇಕಿರುವುದು ಮಧ್ಯಾಂಕ: ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಸಿಗುವುದು. ಹಿಟ್‌ಗೆ ಮೊದಲಿನ ಮಧ್ಯಾಂಕ 6 ಸಾವಿರ. ಅದರ ಪಕ್ಕದಲ್ಲಿಟ್ಟರೆ 11 ಸಾವಿರ ಹೆಚ್ಚುಕಡಿಮೆ ಎರಡು ಪಟ್ಟು!

ಹಿಟ್ ತಂದ ನಿಜವಾದ ಲಾಭ ಕಾಣುವುದು ಇಲ್ಲಿ. ಮುಂದಿನ ಐದು ವಿಡಿಯೊಗಳು 11, 9, 12, 8, 10 ಸಾವಿರ ಪಡೆದವು ಎನ್ನೋಣ. ಮಧ್ಯಾಂಕ 6ರಿಂದ 10ಕ್ಕೆ ಏರಿದೆ. ಶಿಖರದಿಂದ ಕೆಳಗೆ ಬಂದದ್ದೂ ನಿಜ, ನಿಂತ ನೆಲ ಮೇಲೆದ್ದದ್ದೂ ನಿಜ. ‘ಜೆಂಟಲ್‌ಮನ್’ ವಿಷಯದಲ್ಲೂ ಹೀಗೇ ಆಯಿತು: ‘ಗಂಗ್ನಂ’ಗೆ ಹೋಲಿಸಿದರೆ ಇಳಿತ, ಆದರೂ 100 ಕೋಟಿ ದಾಟಿದ ಹಾಡು.

ಕಾರಣವಿಲ್ಲದ ಇಳಿತಕ್ಕೆ ಕಾರಣ ಹುಡುಕಿದರೆ ಮದ್ದೂ ತಪ್ಪುತ್ತದೆ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಇಸ್ರೇಲಿನ ವಾಯುಪಡೆಯ ತರಬೇತುದಾರರೊಂದಿಗೆ ಕೆಲಸ ಮಾಡುವಾಗ ಇದನ್ನು ಕಂಡರು. ಚೆನ್ನಾಗಿ ವಿಮಾನ ಓಡಿಸಿದವನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಕೆಡಿಸಿದವನನ್ನು ಬೈದರೆ ಸುಧಾರಿಸುತ್ತಾನೆ ಎಂದು ಅವರು ನಂಬಿದ್ದರು. ನಡೆಯುತ್ತಿದ್ದದ್ದು ಸರಾಸರಿಯತ್ತ ಮರಳುವುದು ಮಾತ್ರ. ಹೊಗಳದಿದ್ದರೂ ಬೈಯದಿದ್ದರೂ ಹಾಗೇ ಆಗುತ್ತಿತ್ತು. ಚಾನೆಲ್ ಕಥೆಯೂ ಇಷ್ಟೇ. 4 ಸಾವಿರಕ್ಕೆ ಬಿದ್ದ ದಿನ ಥಂಬ್‌ನೇಲ್ ಶೈಲಿ ಬದಲಿಸಿದರೆ ಮುಂದಿನದು ತನ್ನಷ್ಟಕ್ಕೆ 6ಕ್ಕೆ ಏರುತ್ತದೆ, ಹೆಸರು ಹೊಸ ಥಂಬ್‌ನೇಲ್‌ಗೆ ಬರುತ್ತದೆ.

ಹಾಗೆಂದು ಎಲ್ಲ ಇಳಿತವನ್ನೂ ಇದರ ಲೆಕ್ಕಕ್ಕೆ ಬರೆಯುವಂತಿಲ್ಲ. ಐದಾರು ವಿಡಿಯೊ ಹಾಕಿದ ಮೇಲೂ ಮಧ್ಯಾಂಕ ಹಿಟ್‌ಗೆ ಮೊದಲಿದ್ದ 6 ಸಾವಿರಕ್ಕಿಂತ ಕೆಳಗೇ ಉಳಿದರೆ ಏನೋ ನಿಜವಾಗಿ ಬದಲಾಗಿದೆ. ಚಾನೆಲ್ಲಿಗೆ ಸಂಬಂಧವಿಲ್ಲದ ವಿಷಯ ವೈರಲ್ ಆದಾಗ ಹೀಗಾಗಬಹುದು: ಅಡುಗೆ ಚಾನೆಲ್ಲಿನಲ್ಲಿ ಬೆಕ್ಕಿನ ತುಂಟಾಟ ನೋಡಿ ಸಬ್‌ಸ್ಕ್ರೈಬ್ ಆದವರು ಸಾರಿನ ವಿಡಿಯೊ ಕಂಡರೆ ಮುಟ್ಟದೆ ಮುಂದೆ ಹೋಗುತ್ತಾರೆ. ಸಬ್‌ಸ್ಕ್ರೈಬರ್ ಸಂಖ್ಯೆ ಏರಿ, ಅವರಿಂದ ಬರುವ ವ್ಯೂಸ್ ಏರದೆ ನಿಂತರೆ ಇದೇ ಲಕ್ಷಣ.

ನೋಡುವಾಗ ಸಮವಯಸ್ಸಿನ ಲೆಕ್ಕವನ್ನೇ ಹಿಡಿಯಬೇಕು. ಮೂರು ತಿಂಗಳಿಂದ ವ್ಯೂಸ್ ಕೂಡಿಡುತ್ತಿರುವ ವಿಡಿಯೊಗೆ ನಿನ್ನೆ ಹಾಕಿದ್ದನ್ನು ಹೋಲಿಸಿದರೆ ಹೊಸದು ಸೋತೇ ಸೋಲುತ್ತದೆ. ಹೊಸ ವಿಡಿಯೊ ಕೊನೆಯ ಹತ್ತರಲ್ಲಿ ಎಷ್ಟನೆಯದು ಎಂದು ಸ್ಟುಡಿಯೋ ತೋರಿಸುವುದೂ ಅಷ್ಟೇ ಹೊತ್ತಿನ ಲೆಕ್ಕದಲ್ಲಿ. ಆದ್ದರಿಂದ ಹಿಟ್ ಆದ ತಕ್ಷಣ ಹಳೆಯ ಹತ್ತು ವಿಡಿಯೊಗಳ ಮೊದಲ ವಾರದ ಮಧ್ಯಾಂಕವನ್ನು ಬರೆದಿಟ್ಟುಕೊಳ್ಳಿ, ಮುಂದಿನ ಐದಾರನ್ನು ಅದಕ್ಕೇ ಹೋಲಿಸಿ. ಅಲ್ಲಿಯವರೆಗೆ ಶೈಲಿ, ವಿಷಯ, ಹೊತ್ತು ಯಾವುದನ್ನೂ ಬದಲಿಸದಿದ್ದರೆ ಮಾತ್ರ ಹಿಟ್ ಏನು ಉಳಿಸಿಹೋಯಿತು ಎಂಬುದು ಸ್ಪಷ್ಟವಾಗಿ ತಿಳಿಯುತ್ತದೆ.