ಉರಿ ಎದೆಯಲ್ಲಿ, ಒತ್ತಡ ಸೊಂಟದಲ್ಲಿ

ಎದೆ ಉರಿದರೆ ನಾವು ಮೊದಲು ದೂರುವುದು ಚಟ್ನಿಯ ಖಾರವನ್ನು. ಜಯನಗರದಲ್ಲಿ 1983ರಲ್ಲಿ ಕೆಫೆ ದರ್ಶಿನಿ ಶುರುವಾದಾಗಿನಿಂದ ನಿಂತಲ್ಲೇ ದೋಸೆ ತಿಂದು ಹೊರಡುವುದು ಈ ಭಾಗದವರಿಗೆ ರೂಢಿ. ಹುಳಿತೇಗಿಗೆ 'ಗ್ಯಾಸ್ಟ್ರಿಕ್' ಎಂಬ ಒಂದೇ ಹೆಸರು, ಗುಳಿಗೆಯೂ ಒಂದೇ. ಆದರೆ ಎಂಡೋಸ್ಕೋಪಿ ವರದಿಯಲ್ಲಿ 'ಹಯಾಟಸ್ ಹರ್ನಿಯಾ' ಎಂದು ಬರೆಸಿಕೊಂಡು ಬಂದವರು ಖಾರಕ್ಕಿಂತ ಮೊದಲು ತಮ್ಮ ಸೊಂಟದ ಕಡೆ ನೋಡಬೇಕು. ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆ ವಪೆ. ಅದರಲ್ಲಿರುವ ಕಿಂಡಿಯಿಂದ ಅನ್ನನಾಳ ಕೆಳಗಿಳಿದು ಜಠರ ಸೇರುತ್ತದೆ. ಅನ್ನನಾಳದ ತುದಿಯ ಬಿಗಿಸ್ನಾಯು, ಅದನ್ನು ಹೊರಗಿನಿಂದ ಅಮುಕುವ ವಪೆಯ ಸ್ನಾಯು ಎರಡೂ ಒಂದೇ ಜಾಗದಲ್ಲಿದ್ದರೆ ಬಾಗಿಲು ಭದ್ರ. ಕಿಂಡಿ ಸಡಿಲಗೊಂಡು ಜಠರದ ಮೇಲ್ತುದಿ ಎದೆಯತ್ತ ಜಾರಿದಾಗ ಎರಡೂ ಬೇರೆಬೇರೆಯಾಗುತ್ತವೆ. ಆಗ ಕೆಳಗಿನ ಒತ್ತಡ ಹೆಚ್ಚಿದಷ್ಟೂ ಆಮ್ಲ ಮೇಲಕ್ಕೆ ನುಗ್ಗುತ್ತದೆ. ಗುಳಿಗೆ ಆಮ್ಲದ ಕಟುತ್ವ ಇಳಿಸುತ್ತದೆಯೇ ಹೊರತು ಒತ್ತಡವನ್ನಲ್ಲ.

ಬೆಲ್ಟಿಗೂ ಎದೆಯುರಿಗೂ ಏನು ಸಂಬಂಧ ಎಂದು ಅನುಮಾನಿಸುವವರಿಗೆ ಗ್ಲಾಸ್ಗೋದ ವೈದ್ಯರು 2014ರಲ್ಲಿ ಪ್ರಕಟಿಸಿದ ಪ್ರಯೋಗವೇ ಉತ್ತರ. ಎದೆಯುರಿಯೇ ಇಲ್ಲದ ಆರೋಗ್ಯವಂತರ ಸೊಂಟಕ್ಕೆ ಪಟ್ಟಿ ಬಿಗಿದು ಒಳಗಿನ ಒತ್ತಡ ಅಳೆದರು. ಪಟ್ಟಿ ಬಿಗಿದಾಗ ಬಿಗಿಸ್ನಾಯು ವಪೆಯ ಕಿಂಡಿಯೊಳಗೆ ಮೇಲಕ್ಕೆ ಸರಿಯಿತು. ಸೊಂಟದ ಸುತ್ತಳತೆ ದೊಡ್ಡದಿದ್ದವರಲ್ಲಿ ಪಟ್ಟಿ ಇಲ್ಲದೆಯೂ ಇದೇ ಬಗೆಯ ಜಾರುವಿಕೆ ಕಂಡಿತು. ಅಂದರೆ ಹೊಟ್ಟೆಯೊಳಗಿನ ಕೊಬ್ಬು ಬಿಚ್ಚಿಡಲಾಗದ ಬೆಲ್ಟು. ಬಿಗಿ ಜೀನ್ಸಿನ ಗುಂಡಿ, ಸೀರೆಯೊಳಗಿನ ಲಂಗದ ಲಾಡಿ ಮಾಡುವುದೂ ಇದನ್ನೇ. ಸೊಂಟದಲ್ಲಿ ಲಾಡಿಯ ಗೆರೆ ಮೂಡುತ್ತಿದ್ದರೆ ಅಗಲ ಪಟ್ಟಿ ಹೊಲಿಸಿಕೊಳ್ಳುವುದು ಒಳ್ಳೆಯದು. 'ನಾನೇನೂ ದಪ್ಪ ಇಲ್ಲವಲ್ಲ' ಎನ್ನುವವರಿಗೆ 2006ರಲ್ಲಿ ಪ್ರಕಟವಾದ ಅಮೆರಿಕದ ದಾದಿಯರ ಅಧ್ಯಯನ ನೆನಪಿಸಬೇಕು: ತೂಕ ಸಾಮಾನ್ಯ ಮಿತಿಯಲ್ಲೇ ಇದ್ದ ಮಹಿಳೆಯರಲ್ಲೂ ತೂಕ ಏರಿದಂತೆ ಎದೆಯುರಿ ಹೆಚ್ಚಿತು, ಬಿಎಂಐ 3.5ರಷ್ಟು ಇಳಿಸಿಕೊಂಡವರಲ್ಲಿ ಪದೇಪದೇ ಕಾಡುವ ಉರಿ ಸುಮಾರು ಶೇ 40ರಷ್ಟು ಕಡಿಮೆಯಿತ್ತು. ನಮ್ಮವರಲ್ಲಿ ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವುದೇ ಹೆಚ್ಚು. ಆದ್ದರಿಂದ ತಕ್ಕಡಿಯ ಜೊತೆ ಟೇಪನ್ನೂ ಹಿಡಿಯಬೇಕು: ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಸೊಂಟವೇ ಭಾರತೀಯರ ಮಿತಿ.

ಇನ್ನು ಊಟ. ಬಿಟಿಎಂ ಲೇಔಟ್‌ನಿಂದ ಕಚೇರಿಗೆ ಹೋಗುವ, ಸೊಂಟ 96 ಸೆಂ.ಮೀ. ಇರುವ ಒಬ್ಬರನ್ನು ಊಹಿಸಿಕೊಳ್ಳಿ. ಮಧ್ಯಾಹ್ನ ಅವಸರದ ತಿಂಡಿ, ಸಿಲ್ಕ್ ಬೋರ್ಡಿನ ಟ್ರಾಫಿಕ್ ದಾಟಿ ಮನೆಗೆ ಬರುವಾಗ ಒಂಬತ್ತೂವರೆ, ಹತ್ತಕ್ಕೆ ಮುದ್ದೆ, ಸಾರು, ಮೇಲೆ ಎರಡು ಸೌಟು ಮೊಸರನ್ನ, ಹನ್ನೊಂದಕ್ಕೆ ಹಾಸಿಗೆ. ಜಠರ ಉಬ್ಬಿದಾಗೆಲ್ಲ ಬಿಗಿಸ್ನಾಯು ಆಗಾಗ ತಾನಾಗಿ ಸಡಿಲಗೊಳ್ಳುತ್ತದೆ. ಉಂಡ ಅನ್ನದ ಮೇಲೆ ಆಮ್ಲದ ಒಂದು ಪದರವೂ ನಿಲ್ಲುತ್ತದೆ. ಹರ್ನಿಯಾ ಇದ್ದವರಲ್ಲಿ ಆ ಪದರ ವಪೆಗಿಂತ ಮೇಲೆ, ಅನ್ನನಾಳದ ಹೊಸ್ತಿಲಲ್ಲೇ ಇರುತ್ತದೆ. ಮಲಗಿದರೆ ಮುಗಿಯಿತು. ಇವರು ಮುದ್ದೆ ಬಿಡಬೇಕಿಲ್ಲ. ಸಂಜೆ ಆರೂವರೆಗೆ ಕಚೇರಿಯಲ್ಲೇ ಅರ್ಧ ಊಟ, ಮನೆಯಲ್ಲಿ ಒಂದು ಬಟ್ಟಲು ಸಾರನ್ನ ಎಂದು ಹಂಚಿಕೊಂಡು, ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಬಿಡಲು ನೋಡಿ, ಮಂಚದ ತಲೆಭಾಗವನ್ನು ಅರ್ಧ ಅಡಿ ಎತ್ತರಿಸಲಿ. ಒಂದರ ಮೇಲೊಂದು ದಿಂಬಿಟ್ಟರೆ ಹೊಟ್ಟೆ ಮಡಚಿ ಒತ್ತಡ ಹೆಚ್ಚುತ್ತದೆ. ಗುಳಿಗೆ ಬರೆದುಕೊಟ್ಟಿದ್ದರೆ ಊಟಕ್ಕೆ ಅರ್ಧ ಗಂಟೆ ಮೊದಲು. ಆದರೆ ಮೆಟ್ಟಿಲು ಹತ್ತುವಾಗ ಎದೆ ಹಿಡಿದು, ಬೆವರು ಬಂದು, ತೋಳಿಗೆ ನೋವು ಇಳಿದರೆ ಅದನ್ನು ಗ್ಯಾಸ್ಟ್ರಿಕ್ ಎನ್ನುವ ಹಾಗಿಲ್ಲ. ಜಯದೇವ ಆಸ್ಪತ್ರೆ ಇರುವುದು ಬನ್ನೇರುಘಟ್ಟ ರಸ್ತೆಯಲ್ಲೇ, ಮೊದಲು ಇಸಿಜಿ ಆಗಲಿ.

'ಹರ್ನಿಯಾ ಇದೆ ಎಂದ ಮೇಲೆ ಹೊಲಿಸಿಬಿಡಬಾರದೇ?' ಎಂಬ ಪ್ರಶ್ನೆ ಸಹಜ. ಹೊಕ್ಕುಳ ಅಥವಾ ತೊಡೆಸಂದಿನ ಹರ್ನಿಯಾದ ಲೆಕ್ಕ ಇಲ್ಲಿ ನಡೆಯದು. ಜಾರುವ ಬಗೆಯ ಸಣ್ಣ ಹರ್ನಿಯಾ ತೊಂದರೆ ಕೊಡದಿದ್ದರೆ ಮುಟ್ಟುವುದೇ ಬೇಡ. 2019ರ ಅಮೆರಿಕದ ಅಧ್ಯಯನವೊಂದರಲ್ಲಿ, ಗುಳಿಗೆಗೆ ಬಗ್ಗದ ಎದೆಯುರಿ ಎಂದು ಬಂದ 366 ಮಂದಿಯಲ್ಲಿ 42 ಮಂದಿಗೆ ಗುಳಿಗೆಯನ್ನು ಸರಿಯಾಗಿ ನುಂಗಿಸಿದಾಗಲೇ ಗುಣವಾಯಿತು. ಪರೀಕ್ಷೆಗಳೆಲ್ಲ ಮುಗಿದಾಗ ಪ್ರಯೋಗಕ್ಕೆ ಉಳಿದವರು 78. ಆದರೆ ಆ 78ರಲ್ಲಿ ಶಸ್ತ್ರಚಿಕಿತ್ಸೆ ಶೇ 67ರಷ್ಟು ಜನರಿಗೆ ಫಲಿಸಿತು, ಔಷಧಿ ಶೇ 28ರಷ್ಟು ಜನರಿಗೆ. ಹಾಗಾಗಿ ಎಂಡೋಸ್ಕೋಪಿ, 24 ಗಂಟೆಗಳ ಆಮ್ಲಮಾಪನ, ಅನ್ನನಾಳದ ಒತ್ತಡ ಅಳೆಯುವ ಮ್ಯಾನೊಮೆಟ್ರಿ ಆಗದೆ ಹೊಲಿಗೆಗೆ ಒಪ್ಪಬಾರದು. ಜಠರದ ಮೇಲ್ಭಾಗವನ್ನು ಅನ್ನನಾಳಕ್ಕೆ ಸುತ್ತಿ ಹೊಲಿಯುವ ಈ ವಿಧಾನದಿಂದ ಕೆಲವರಿಗೆ ನುಂಗಲು ತೊಡಕು, ತೇಗು ಬಾರದ ಉಬ್ಬರ ಬರುತ್ತದೆ. ಸ್ವೀಡನ್ನಿನಲ್ಲಿ ಹೀಗೆ ಹೊಲಿಸಿಕೊಂಡ ಶೇ 17.7ರಷ್ಟು ಜನರಿಗೆ ರಿಫ್ಲಕ್ಸ್ ಮರಳಿತು. ತೂಕ ತೀರಾ ಹೆಚ್ಚಿದ್ದವರಿಗೆ ಬೈಪಾಸ್ ಬಗೆಯ ತೂಕ ಇಳಿಸುವ ಶಸ್ತ್ರಚಿಕಿತ್ಸೆಯೇ ಎರಡಕ್ಕೂ ಒದಗಬಹುದು. ಜಠರ ಕತ್ತರಿಸುವ 'ಸ್ಲೀವ್' ಹಲವರಲ್ಲಿ ರಿಫ್ಲಕ್ಸ್ ಹೆಚ್ಚಿಸುತ್ತದೆ. ಜಠರದ ದೊಡ್ಡ ಪಾಲೇ ಅನ್ನನಾಳದ ಪಕ್ಕದಿಂದ ಎದೆಗೇರಿದ್ದು, ಉಂಡೊಡನೆ ಎದೆನೋವು, ಏದುಸಿರು, ಕಾರಣ ಸಿಗದ ರಕ್ತಹೀನತೆ ಇದ್ದರೆ ಶಸ್ತ್ರಚಿಕಿತ್ಸೆಯ ಮಾತು ಬೇಗ ಬರುತ್ತದೆ. ಅಂಥವರಿಗೆ ಹೊಟ್ಟೆಯ ಮೇಲ್ಭಾಗ ತಾಳಲಾರದಷ್ಟು ನೋಯುತ್ತ, ಓಕರಿಕೆ ಬಂದರೂ ಏನೂ ಹೊರಬಾರದಿದ್ದರೆ ಜಠರ ತಿರುಚಿಕೊಂಡಿರಬಹುದು. ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ ತುರ್ತು ವಿಭಾಗಕ್ಕೆ ಕರೆದೊಯ್ಯಬೇಕು.