ಮಾರಾಟಗಾರರ ರೆಸ್ಯೂಮೆಯಲ್ಲಿ ಅಂಕಿಗಳ ಲೆಕ್ಕ

ಮಾರಾಟ ವಿಭಾಗದಲ್ಲಿರುವವರ ರೆಸ್ಯೂಮೆಯಲ್ಲಿ ಮೂರು ಅಂಕಿಗಳನ್ನು ಎಲ್ಲರೂ ಹುಡುಕುತ್ತಾರೆ: ಕೊಟ್ಟ ಟಾರ್ಗೆಟ್‌ನಲ್ಲಿ ಎಷ್ಟು ಮುಟ್ಟಿದರು, ಒಂದೊಂದು ಆರ್ಡರ್ ಎಷ್ಟು ದೊಡ್ಡದು, ಕೈಗೆ ಬಂದ ಟೆರಿಟರಿ ಎಷ್ಟು ಬೆಳೆಯಿತು. ‘ಟಾರ್ಗೆಟ್ ಮೀರಿ ಸಾಧನೆ, ದೊಡ್ಡ ಗ್ರಾಹಕರ ನಿರ್ವಹಣೆ’ ಎಂಬ ಸಾಲು ಈ ಮೂರರಲ್ಲಿ ಒಂದನ್ನೂ ಹೇಳುವುದಿಲ್ಲ. ಆದರೆ ಅಂಕಿ ಹಾಕಿದ ಮಾತ್ರಕ್ಕೆ ಸಾಲು ಗಟ್ಟಿಯಾಗುವುದೂ ಇಲ್ಲ. ಅದನ್ನು ಯಾವ ಲೆಕ್ಕದಿಂದ ತೆಗೆದದ್ದು ಎಂಬ ಮೊದಲ ಪ್ರಶ್ನೆಗೇ ಅನೇಕ ಸಾಲುಗಳು ಕುಸಿಯುತ್ತವೆ.

ಉದಾಹರಣೆಗೆ, ಬೆಳಗಾವಿ ಭಾಗದ ಫೌಂಡ್ರಿಗಳಿಗೆ ಏರ್ ಕಂಪ್ರೆಸರ್ ಮಾರುವ ಒಬ್ಬ ಸೇಲ್ಸ್ ಎಂಜಿನಿಯರ್ ಇದ್ದಾರೆ ಎಂದುಕೊಳ್ಳೋಣ. 2023–24ರಲ್ಲಿ ಅವರ ಟಾರ್ಗೆಟ್ 2.40 ಕೋಟಿ ರೂಪಾಯಿ. ವರ್ಷದಲ್ಲಿ ಅವರು ಹಿಡಿದದ್ದು 45 ಆರ್ಡರ್, ಒಟ್ಟು 2.76 ಕೋಟಿ. ಭಾಗಿಸಿದರೆ ಶೇ. 115. ಆದರೆ 12 ಲಕ್ಷದ ಒಂದು ಆರ್ಡರ್ ಕೊನೆಗೆ ರದ್ದಾಯಿತು. ಬಿಲ್ ಆದದ್ದು 44 ಆರ್ಡರ್, 2.64 ಕೋಟಿ. ಅಂದರೆ ಶೇ. 110. ಟಾರ್ಗೆಟ್ ಅನ್ನು ಬಿಲ್ಲಿಂಗ್ ಮೇಲೆ ಕೊಟ್ಟಿದ್ದರೆ ಬರೆಯಬೇಕಾದದ್ದು ಎರಡನೆಯ ಅಂಕಿ.

ಇಲ್ಲಿ ಆಗಾಗ ಆಗುವ ತಪ್ಪು ತೆರಿಗೆಯದು. ಸಾಮಾನ್ಯವಾಗಿ ಟಾರ್ಗೆಟ್ ನಿಗದಿಯಾಗುವುದು ಜಿಎಸ್‌ಟಿ ಬಿಟ್ಟು. ಕೈಯಲ್ಲಿರುವ ಇನ್‌ವಾಯ್ಸ್‌ಗಳ ಕೊನೆಯ ಮೊತ್ತ ಕೂಡಿಸಿದರೆ ಶೇ. 18ರ ತೆರಿಗೆಯೂ ಸಾಧನೆಯೊಳಗೆ ಸೇರಿಬಿಡುತ್ತದೆ. 110 ಇದ್ದದ್ದು ಸುಮಾರು 130 ಆಗುತ್ತದೆ. ಸಂದರ್ಶನಕ್ಕೆ ಕೂತ ಅನುಭವಿ ಮ್ಯಾನೇಜರ್‌ಗೆ ಇದು ಬೇಗ ತಿಳಿಯುತ್ತದೆ. ವರ್ಷದ ನಡುವೆ ಸೇರಿದವರು ಪೂರ್ಣ ವರ್ಷದ ಟಾರ್ಗೆಟ್ ಹಾಕದೆ, ತಮ್ಮ ತಿಂಗಳುಗಳಿಗೆ ಹಂಚಿಕೆಯಾದದ್ದನ್ನೇ ಹಾಕಿ, ಹಾಗೆಂದು ನಮೂದಿಸಬೇಕು. ಟಾರ್ಗೆಟ್ ಸುಲಭದ್ದಾಗಿತ್ತೇನೋ ಎಂಬ ಅನುಮಾನಕ್ಕೆ ಒಳ್ಳೆಯ ಉತ್ತರ ತಂಡದ ಲೆಕ್ಕ: ‘9 ಜನರ ತಂಡದಲ್ಲಿ ಟಾರ್ಗೆಟ್ ಮುಟ್ಟಿದ 3 ಜನರಲ್ಲಿ ಒಬ್ಬರು’.

ಆರ್ಡರ್ ಗಾತ್ರಕ್ಕೆ ಬಂದರೆ, 2.64 ಕೋಟಿಯನ್ನು 44ರಿಂದ ಭಾಗಿಸಿದಾಗ ಸರಾಸರಿ 6 ಲಕ್ಷ. ಆದರೆ ಅದರಲ್ಲಿ ಒಂದೇ ಫೌಂಡ್ರಿಯ ಆರ್ಡರ್ 49 ಲಕ್ಷದ್ದು. ಅದನ್ನು ಬದಿಗಿಟ್ಟರೆ ಉಳಿದ 43ರ ಸರಾಸರಿ 5 ಲಕ್ಷ. ಅವರ ದಿನನಿತ್ಯದ ವ್ಯಾಪಾರ ಎಂಥದ್ದು ಎಂದು ತೋರಿಸುವುದು ಈ 5 ಲಕ್ಷವೇ. ಆ 49 ಲಕ್ಷವನ್ನು ಸರಾಸರಿಯಲ್ಲಿ ಕರಗಿಸುವುದು ನಷ್ಟ. ಹಲವು ಯಂತ್ರಗಳ ಒಂದು ದೊಡ್ಡ ವ್ಯವಹಾರವನ್ನು ಮಾತುಕತೆಯಿಂದ ಬಿಲ್‌ವರೆಗೆ ಎಷ್ಟು ತಿಂಗಳಲ್ಲಿ ಮುಗಿಸಿದರು ಎಂಬುದಕ್ಕೆ ಪ್ರತ್ಯೇಕ ಸಾಲು ಸಲ್ಲುತ್ತದೆ. ಸಣ್ಣ ಆರ್ಡರ್‌ಗಳನ್ನು ಬಿಡದೆ ತರುವುದೂ ದೊಡ್ಡದೊಂದನ್ನು ತಾಳ್ಮೆಯಿಂದ ಮುಗಿಸುವುದೂ ಬೇರೆ ಬೇರೆ ಕಸುಬು.

ಟೆರಿಟರಿಯ ಬೆಳವಣಿಗೆ ಮೂರರಲ್ಲಿ ಹೆಚ್ಚು ಜಾರುವ ಲೆಕ್ಕ. ಹಿಂದಿನ ವರ್ಷ ಅವರ ಬಿಲ್ಲಿಂಗ್ 2.00 ಕೋಟಿ. ಈ ವರ್ಷದ 2.64 ಕೋಟಿಗೆ ಹೋಲಿಸಿದರೆ ಶೇ. 32 ಏರಿಕೆ. ಆದರೆ ಈ ವರ್ಷ ಬಾಗಲಕೋಟೆ ಜಿಲ್ಲೆಯನ್ನೂ ಅವರಿಗೆ ವಹಿಸಲಾಗಿತ್ತು. ಅಲ್ಲಿಂದ ಬಂದದ್ದು 24 ಲಕ್ಷ. ಮೊದಲಿದ್ದ ಪ್ರದೇಶವನ್ನೇ ಎರಡೂ ವರ್ಷ ಹೋಲಿಸಿದರೆ 2.00 ಕೋಟಿ 2.40 ಆಗಿದೆ, ಅಂದರೆ ಶೇ. 20. ಕಂಪನಿ ಬೆಲೆಯನ್ನೇ ಶೇ. 4 ಏರಿಸಿದ್ದರೆ ನಿಜವಾಗಿ ಹೆಚ್ಚು ಮಾರಿದ್ದು ಸುಮಾರು ಶೇ. 15. ಬೆಲೆಯ ಭಾಗವನ್ನು ರೆಸ್ಯೂಮೆಯಲ್ಲಿ ಬಿಡಿಸಿ ಬರೆಯಬೇಕೆಂದಿಲ್ಲ, ಕೇಳಿದಾಗ ಹೇಳಲು ಗೊತ್ತಿದ್ದರೆ ಸಾಕು. ಗಡಿ ಬದಲಾದದ್ದನ್ನು ಮಾತ್ರ ಬರೆಯಲೇಬೇಕು. ತಾನು ಬೆಳೆಸಿದ್ದೂ ತನಗೆ ಸೇರಿಸಿ ಕೊಟ್ಟದ್ದೂ ಒಂದೇ ಅಲ್ಲ.

ಇಷ್ಟು ಸೋಸಿದ ಮೇಲೆ ಸಾಲುಗಳು ಹೀಗೆ ನಿಲ್ಲುತ್ತವೆ:

• 2023–24: ಜಿಎಸ್‌ಟಿ ಹೊರತು ₹2.40 ಕೋಟಿ ಟಾರ್ಗೆಟ್‌ಗೆ ₹2.64 ಕೋಟಿ ಬಿಲ್ಲಿಂಗ್, ಶೇ. 110, 2022–23ರಲ್ಲಿ ಶೇ. 91.
• 44 ಆರ್ಡರ್. ಸಾಮಾನ್ಯ ಗಾತ್ರ ₹5 ಲಕ್ಷ, ಅತಿ ದೊಡ್ಡದು ₹49 ಲಕ್ಷ.
• ಹಳೆಯ ಪ್ರದೇಶದಲ್ಲಿ ಶೇ. 20 ಬೆಳವಣಿಗೆ, ಹೊಸದಾಗಿ ಸೇರಿದ ಬಾಗಲಕೋಟೆಯಿಂದ ₹24 ಲಕ್ಷ.

ಮೊದಲ ಸಾಲಿನ 91 ಅಲ್ಲಿರುವುದೇ ಸರಿ. ಒಂದೇ ವರ್ಷ ಬರೆದರೆ ಹಿಂದಿನ ವರ್ಷದ ಪ್ರಶ್ನೆ ಬಂದೇ ಬರುತ್ತದೆ. 91ರಿಂದ 110ಕ್ಕೆ ಏರಿದ ಬಗೆಯನ್ನು ವಿವರಿಸಲು ಅದು ದಾರಿಯನ್ನೂ ತೆರೆಯುತ್ತದೆ.

ಇದೇ ಸಾಲುಗಳನ್ನು ಲಿಂಕ್ಡ್‌ಇನ್‌ನಂಥ ಬಹಿರಂಗ ಜಾಗದಲ್ಲಿ ಹಾಕುವಾಗ ಕೋಟಿ, ಲಕ್ಷಗಳನ್ನು ತೆಗೆದು ಶೇಕಡಾವನ್ನಷ್ಟೇ ಉಳಿಸಬೇಕು. ಪ್ರತಿಸ್ಪರ್ಧಿಗಳೂ ಅದನ್ನು ಓದುತ್ತಾರೆ, ಮಾರಾಟದ ಮೊತ್ತ ಹೊರಹಾಕದಂತೆ ಉದ್ಯೋಗದ ಕರಾರಿನಲ್ಲಿ ಷರತ್ತಿರುವುದೂ ಉಂಟು. ಗ್ರಾಹಕರ ಹೆಸರಿನ ಬದಲು ‘ಬೆಳಗಾವಿಯ ಒಂದು ಫೌಂಡ್ರಿ’ ಎಂದರೆ ಸಾಕು. ಆಧಾರಕ್ಕೆ ವಾರ್ಷಿಕ ಮೌಲ್ಯಮಾಪನದ ಪತ್ರ, ಇನ್ಸೆಂಟಿವ್ ಪತ್ರಗಳಿರುತ್ತವೆ. ಕಂಪನಿಯ ಮಾರಾಟದ ವರದಿಗಳನ್ನು ಮನೆಗೆ ಒಯ್ಯುವಂತಿಲ್ಲವಾದ್ದರಿಂದ, ತಮಗೇ ಬರೆದುಕೊಟ್ಟ ಇಂಥ ಪತ್ರಗಳನ್ನು ವರ್ಷವರ್ಷವೂ ಜೋಡಿಸಿಟ್ಟುಕೊಳ್ಳಬೇಕು.